ಸೊನ್ನೆ ಬೈಟ್ ಕಾಯುವ ಎರಡು ಬಾಗಿಲು

ಒಂದು ಊರಿನ ಗ್ರಂಥಾಲಯಕ್ಕೆ ಹತ್ತು ವರ್ಷ ಹಳೆಯ ಜಾಲತಾಣವಿದೆ ಎಂದಿಟ್ಟುಕೊಳ್ಳಿ. ಒಂದು ಫೋಲ್ಡರಿನೊಳಗೆ ಸುಮಾರು 2,000 ಫೈಲುಗಳು. ಲೇಖನದ ಪುಟಗಳು, ಸಮಾರಂಭದ ಫೋಟೋಗಳು, ವಾರ್ಷಿಕ ವರದಿಯ ಪಿಡಿಎಫ್‌ಗಳು, ಪುಸ್ತಕಪಟ್ಟಿಯ ಒಂದು ಡೇಟಾಬೇಸ್, ಎಲ್ಲವೂ ಅದರಲ್ಲೇ. ತಾಣವನ್ನು ಈಗ ಸುರಕ್ಷಿತ ಸಂಪರ್ಕಕ್ಕೆ ಬದಲಾಯಿಸಿದ್ದಾರೆ. ಪುಟಗಳಲ್ಲಿ `http://example.org` ಎಂದಿರುವ ಕಡೆಯೆಲ್ಲ `https://example.org` ಆಗಬೇಕು. ಸೇರಬೇಕಾದ್ದು `s` ಎಂಬ ಒಂದೇ ಅಕ್ಷರ. ಒಂದೊಂದೇ ಪುಟ ತೆರೆದು ತಿದ್ದುತ್ತ ಕೂತರೆ ವಾರಗಳೇ ಹಿಡಿಯುತ್ತವೆ. ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಸಾಲಿನ ಕಮಾಂಡ್ ಈ ಕೆಲಸವನ್ನು ಕೆಲವೇ ಕ್ಷಣಗಳಲ್ಲಿ ಮುಗಿಸುತ್ತದೆ. ಆದರೆ ಅದೇ ಸಾಲನ್ನು ಅವಸರದಲ್ಲಿ ಬರೆದರೆ ಅಷ್ಟೇ ಬೇಗ ಫೋಟೋಗಳನ್ನೂ ಡೇಟಾಬೇಸನ್ನೂ ಕೆಡಿಸಿಬಿಡುತ್ತದೆ.

ಕೆಡುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಡಿಜಿಟಲ್ ಫೋಟೋ ಒಂದರೊಳಗೆ ಚಿತ್ರದ ಜೊತೆ ಬರಹವೂ ಅಡಗಿರುತ್ತದೆ. ತೆಗೆದ ದಿನಾಂಕ, ಕ್ಯಾಮೆರಾದ ಹೆಸರು, ಹಕ್ಕು ಯಾರದು ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಫೋಟೋ ತೆಗೆದವರು ಹಕ್ಕಿನ ಜಾಗದಲ್ಲಿ ಗ್ರಂಥಾಲಯದ ತಾಣದ ವಿಳಾಸ ಬರೆದಿದ್ದರೆ, ನಾವು ಹುಡುಕುತ್ತಿರುವ ಸಾಲು ಆ ಜೆಪೆಗ್ ಫೈಲಿನಲ್ಲೂ ಸಿಗುತ್ತದೆ. ಜೆಪೆಗ್‌ನಲ್ಲಿ ಇಂಥ ಪ್ರತಿ ವಿವರದ ತುಂಡಿನ ಮುಂದೆ ಆ ತುಂಡು ಎಷ್ಟು ಬೈಟ್ ಉದ್ದವಿದೆ ಎಂದು ಎರಡು ಬೈಟ್‌ಗಳಲ್ಲಿ ಬರೆದಿರುತ್ತದೆ. ನಾವು ಒಂದು `s` ಸೇರಿಸಿದರೆ ತುಂಡು ಒಂದು ಬೈಟ್ ಬೆಳೆಯುತ್ತದೆ, ಮುಂದೆ ಬರೆದ ಅಳತೆ ಮಾತ್ರ ಹಳೆಯದೇ ಉಳಿಯುತ್ತದೆ. ಫೋಟೋ ತೆರೆಯುವ ತಂತ್ರಾಂಶ ಆ ಅಳತೆ ನಂಬಿ ಮುಂದಿನ ತುಂಡಿಗೆ ಹಾರಿದಾಗ ಒಂದು ಬೈಟ್ ಹಿಂದೆಯೇ ಕಾಲೂರುತ್ತದೆ. ಕೆಲವು ತಂತ್ರಾಂಶಗಳು ಹೇಗೋ ದಾರಿ ಹುಡುಕಿಕೊಳ್ಳುತ್ತವೆ, ಕೆಲವು ಫೋಟೋವನ್ನೇ ತೆರೆಯುವುದಿಲ್ಲ.

ಆದ್ದರಿಂದ ಇಲ್ಲಿ ಎರಡು ಪ್ರಶ್ನೆಗಳಿವೆ. ಯಾವುದು ಬರಹದ ಫೈಲು, ಯಾವುದು ಅಲ್ಲ ಎಂದು ಗುರುತಿಸುವುದು ಹೇಗೆ? ಗುರುತಿಸಿದ ಫೈಲುಗಳ ಹೆಸರನ್ನು ತಿದ್ದುವ ಉಪಕರಣಕ್ಕೆ ತಪ್ಪಿಲ್ಲದೆ ಒಪ್ಪಿಸುವುದು ಹೇಗೆ? ಎರಡಕ್ಕೂ ಉತ್ತರ ಒಂದೇ ಒಂದು ಬೈಟ್‌ನಲ್ಲಿದೆ. ಅದು ಸೊನ್ನೆ ಬೈಟ್. ಇದು ಕೀಲಿಮಣೆಯಲ್ಲಿ ಒತ್ತುವ 0 ಅಂಕಿಯಲ್ಲ. ಆ ಅಂಕಿಯನ್ನು ಕಂಪ್ಯೂಟರ್ 48 ಎಂಬ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಸೊನ್ನೆ ಬೈಟ್ ಎಂದರೆ ಬೆಲೆಯೇ ಸೊನ್ನೆಯಾದ, ಯಾವ ಅಕ್ಷರವನ್ನೂ ತೋರಿಸದ ಬೈಟ್.

ನಾವು ಓದುವ ಬರಹದಲ್ಲಿ ಸೊನ್ನೆ ಬೈಟ್ ಬರುವುದಿಲ್ಲ. ಇಂದು ಜಾಲತಾಣಗಳಲ್ಲಿ ಕನ್ನಡವನ್ನು ಬರೆಯುವ ಯುಟಿಎಫ್-8 ಕ್ರಮದಲ್ಲಿ ‘ಕ’ ಎಂಬ ಅಕ್ಷರಕ್ಕೆ `E0 B2 95` ಎಂಬ ಮೂರು ಬೈಟ್‌ಗಳು. ಯಾವ ಕನ್ನಡ ಅಕ್ಷರದ ಬೈಟ್‌ಗಳಲ್ಲೂ ಸೊನ್ನೆ ಇಲ್ಲ. ಫೋಟೋ ಮತ್ತು ಡೇಟಾಬೇಸ್‌ಗಳ ಕಥೆ ಬೇರೆ. ಜೆಪೆಗ್ ಫೋಟೋ ಸಾಮಾನ್ಯವಾಗಿ ಮೊದಲ 12 ಬೈಟ್‌ಗಳೊಳಗೇ ಒಂದು ಸೊನ್ನೆ ತೋರಿಸುತ್ತದೆ. ಪಿಎನ್‌ಜಿ ಚಿತ್ರದ ಒಂಬತ್ತನೆಯ ಬೈಟೇ ಸೊನ್ನೆ. ಎಸ್‌ಕ್ಯೂಲೈಟ್ ಡೇಟಾಬೇಸ್ `SQLite format 3` ಎಂಬ ಹದಿನೈದು ಅಕ್ಷರಗಳಿಂದ ಆರಂಭವಾಗುತ್ತದೆ, ಹದಿನಾರನೆಯದು ಸೊನ್ನೆ.

ಫೈಲುಗಳೊಳಗೆ ಪದ ಹುಡುಕುವ ಗ್ರೆಪ್ ಈ ಗುರುತನ್ನೇ ಬಳಸುತ್ತದೆ. ಫೈಲನ್ನು ಕಂತು ಕಂತಾಗಿ ಓದುತ್ತ, ಓದಿದ ಕಂತಿನಲ್ಲಿ ಸೊನ್ನೆ ಕಂಡರೆ ಅದನ್ನು ಬೈನರಿ ಫೈಲು ಎಂದು ತಿಳಿಯುತ್ತದೆ. `-I` ಎಂದು, ದೊಡ್ಡಕ್ಷರ ಐ, ಕೊಟ್ಟರೆ ಅಂಥ ಫೈಲನ್ನು ಅಲ್ಲಿಗೇ ಕೈಬಿಟ್ಟು ಮುಂದಕ್ಕೆ ಹೋಗುತ್ತದೆ. ಚಿಕ್ಕಕ್ಷರದ `-i` ಬೇರೆಯೇ ಕೆಲಸದ್ದು: ಅದು ದೊಡ್ಡ ಚಿಕ್ಕ ಅಕ್ಷರಗಳ ಭೇದ ಮರೆತು ಹುಡುಕುತ್ತದೆ. ಒಂದು ಅಕ್ಷರ ತಪ್ಪಿದರೆ ಕಾವಲೇ ಇಲ್ಲದಂತಾಗುತ್ತದೆ.

ಇಷ್ಟಾದರೆ ಮೊದಲ ಬಾಗಿಲು ಭದ್ರವಾಯಿತು. ಮೊದಲು ಏನನ್ನೂ ತಿದ್ದದೆ ಪಟ್ಟಿ ಮಾತ್ರ ನೋಡಬೇಕು:

```
grep -rIl 'http://example\.org' .
```

ಇಲ್ಲಿ `-r` ಎಂದರೆ ಒಳಗಿನ ಫೋಲ್ಡರುಗಳನ್ನೂ ಹೊಕ್ಕು ನೋಡು ಎಂದು, `-l` ಎಂದರೆ ಸಾಲುಗಳು ಬೇಡ, ಫೈಲಿನ ಹೆಸರು ಮಾತ್ರ ಸಾಕು ಎಂದು. ಬರಿಯ ಚುಕ್ಕೆ ಗ್ರೆಪ್‌ಗೆ ‘ಯಾವುದೇ ಒಂದು ಅಕ್ಷರ’ ಎಂಬ ಅರ್ಥ ಕೊಡುತ್ತದೆ. ನಮಗೆ ಬೇಕಾದ್ದು ನಿಜವಾದ ಚುಕ್ಕೆಯೇ ಆದ್ದರಿಂದ ಅದರ ಹಿಂದೆ ಓರೆಗೆರೆ ಇಟ್ಟಿದ್ದೇವೆ.

ಈಗ ಎರಡನೆಯ ಬಾಗಿಲು. ಗ್ರೆಪ್ ಹುಡುಕುತ್ತದೆಯೇ ಹೊರತು ತಿದ್ದುವುದಿಲ್ಲ. ತಿದ್ದುವುದು ಸೆಡ್. ಗ್ರೆಪ್ ಕೊಟ್ಟ ಹೆಸರುಗಳನ್ನು ಎತ್ತಿಕೊಂಡು ಹೋಗಿ ಸೆಡ್‌ಗೆ ಒಪ್ಪಿಸುವುದು ಎಕ್ಸ್‌ಆರ್ಗ್ಸ್. ಈ ಒಪ್ಪಿಸುವ ಕೆಲಸದಲ್ಲೇ ಎಡವಟ್ಟಾಗುವುದು. ಎಕ್ಸ್‌ಆರ್ಗ್ಸ್ ತನ್ನಷ್ಟಕ್ಕೆ ಬಿಟ್ಟರೆ ಖಾಲಿ ಜಾಗ ಕಂಡಲ್ಲೆಲ್ಲ ಹೆಸರನ್ನು ಕತ್ತರಿಸುತ್ತದೆ. ಫೈಲಿನ ಹೆಸರು ‘ಮೈಸೂರು ದಸರಾ.html’ ಎಂದಿದ್ದರೆ ಸೆಡ್‌ಗೆ ಹೋಗುವುದು ಎರಡು ಹೆಸರು. ಮೊದಲನೆಯದಕ್ಕೆ ಬರುವ ಉತ್ತರ ಇದು:

```
sed: can't read ./ಮೈಸೂರು: No such file or directory
```

ದೂರು ಕಂಡರೆ ನಾವಾದರೂ ಎಚ್ಚರವಾಗುತ್ತೇವೆ. ಇದಕ್ಕಿಂತ ಕೆಟ್ಟದ್ದು ದೂರೇ ಬಾರದ ತಪ್ಪು. `old index.html` ಎಂಬ ಹೆಸರನ್ನು ಕತ್ತರಿಸಿದಾಗ ಎರಡನೆಯ ತುಂಡು `index.html`. ಆ ಹೆಸರಿನ ಫೈಲು ನಾವು ನಿಂತ ಫೋಲ್ಡರಿನಲ್ಲೇ ಇದ್ದರೆ, ನಾವು ಕೈಬಿಟ್ಟಿರಬಹುದಾದ ಆ ಫೈಲಿಗೆ ಸೆಡ್ ಕೈಹಾಕುತ್ತದೆ. ತಿದ್ದಬೇಕಾದ ಫೈಲು ಹಾಗೆಯೇ ಉಳಿಯುತ್ತದೆ. ಹೆಸರಿನಲ್ಲಿ ಒಂಟಿ ಉದ್ಧರಣ ಚಿಹ್ನೆ ಇದ್ದರಂತೂ ಎಕ್ಸ್‌ಆರ್ಗ್ಸ್ `unmatched single quote` ಎಂದು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಸಾಲಿಗೊಂದು ಹೆಸರು ಎಂದು ಹೇಳಿಕೊಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಫೈಲಿನ ಹೆಸರಿನೊಳಗೆ ಹೊಸ ಸಾಲಿನ ಗುರುತೂ ಇರಬಹುದು. ಹೆಸರಿನಲ್ಲಿ ಇರಲೇಬಾರದ ಬೈಟ್‌ಗಳು ಎರಡೇ. ಒಂದು, ಫೋಲ್ಡರುಗಳನ್ನು ಬೇರ್ಪಡಿಸುವ ಓರೆಗೆರೆ `/`. ಅದು ದಾರಿಯ ನಡುವೆ ಹೇಗೂ ಬರುವುದರಿಂದ ಹೆಸರುಗಳ ನಡುವಿನ ಗಡಿಯಾಗಲಾರದು. ಉಳಿದದ್ದು ಸೊನ್ನೆ ಬೈಟ್ ಒಂದೇ. ಅದನ್ನು ಗಡಿಯಾಗಿಟ್ಟರೆ ಹೆಸರಿನೊಳಗೆ ಏನೇ ಇದ್ದರೂ ಅದು ಒಡೆಯುವುದಿಲ್ಲ.

ಗ್ರೆಪ್‌ಗೆ `-Z` ಎಂದರೆ ಪ್ರತಿ ಹೆಸರಿನ ಕೊನೆಗೆ ಸೊನ್ನೆ ಬೈಟ್ ಇಡುತ್ತದೆ. ಎಕ್ಸ್‌ಆರ್ಗ್ಸ್‌ಗೆ `-0` ಎಂದರೆ ಸೊನ್ನೆ ಕಂಡಲ್ಲಿ ಮಾತ್ರ ಕತ್ತರಿಸುತ್ತದೆ, ಖಾಲಿ ಜಾಗ ಮತ್ತು ಉದ್ಧರಣ ಚಿಹ್ನೆಗಳನ್ನು ಹೆಸರಿನ ಭಾಗವೆಂದೇ ನೋಡುತ್ತದೆ. ಎರಡೂ ಜೊತೆಯಾಗಿಯೇ ಇರಬೇಕು. ಒಂದನ್ನು ಮರೆತರೆ ಕೊಡುವವರ ಭಾಷೆ ಒಂದು, ಪಡೆಯುವವರ ಭಾಷೆ ಇನ್ನೊಂದು ಆಗುತ್ತದೆ. ಮ್ಯಾಕ್ ಕಂಪ್ಯೂಟರಿನ ಗ್ರೆಪ್‌ನಲ್ಲಿ `-Z`ಗೆ ಬೇರೆ ಅರ್ಥವಿದೆ, ಅಲ್ಲಿ `--null` ಎಂದು ಬರೆಯಬೇಕು. ಈ ಉದ್ದದ ರೂಪ ಲಿನಕ್ಸ್‌ನಲ್ಲೂ ನಡೆಯುತ್ತದೆ.

ಪೂರ್ಣ ಕಮಾಂಡ್ ಹೀಗಾಗುತ್ತದೆ:

```
grep -rIlZ --exclude-dir=.git --exclude='*.pdf' \
  --exclude='*.bak' 'http://example\.org' . |
  xargs -0 -r sed -i.bak \
  's#http://example\.org#https://example.org#g'
```

ಒಂದೂ ಫೈಲು ಸಿಗದಿದ್ದರೆ ಸೆಡ್ ಅನ್ನು ಸುಮ್ಮನೆ ಓಡಿಸಬೇಡ ಎಂದು `-r` ಹೇಳುತ್ತದೆ. `-i.bak` ಪ್ರತಿ ಫೈಲಿನ ಹಳೆಯ ರೂಪವನ್ನು `.bak` ಎಂಬ ಬಾಲ ಸೇರಿಸಿ ಪಕ್ಕದಲ್ಲೇ ಉಳಿಸುತ್ತದೆ. ಮತ್ತೊಮ್ಮೆ ಕಮಾಂಡ್ ಓಡಿಸಿದಾಗ ಆ ಪ್ರತಿಗಳೇ ತಿದ್ದುಪಡಿಗೆ ಸಿಕ್ಕಬಾರದು ಎಂದು ಅವನ್ನು ಹೊರಗಿಟ್ಟಿದ್ದೇವೆ.

ಉಳಿದ ಎರಡು ಹೊರಗಿಡುವಿಕೆಗಳು `-I` ಕಾವಲಿನ ಮಿತಿಯಿಂದ ಬಂದವು. ಪಿಡಿಎಫ್ ಫೈಲಿನ ಮೊದಲ ಭಾಗ ಬರಹದಂತೆಯೇ ಇರಬಹುದು, ಸೊನ್ನೆ ಬೈಟ್ ಎಷ್ಟೋ ದೂರದಲ್ಲಿ ಬರಬಹುದು ಅಥವಾ ಬಾರದೆಯೂ ಇರಬಹುದು. `-l` ಕೊಟ್ಟಾಗ ಗ್ರೆಪ್ ಮೊದಲ ಹೊಂದಿಕೆ ಸಿಕ್ಕೊಡನೆ ಹೆಸರು ಬರೆದು ಆ ಫೈಲನ್ನು ಓದುವುದನ್ನೇ ನಿಲ್ಲಿಸುತ್ತದೆ, ಮುಂದಿನ ಕಂತಿನ ಸೊನ್ನೆ ಅದರ ಕಣ್ಣಿಗೇ ಬೀಳುವುದಿಲ್ಲ. ಪಿಡಿಎಫ್‌ನ ಯಾವ ಭಾಗ ಎಷ್ಟನೆಯ ಬೈಟ್‌ನಲ್ಲಿದೆ ಎಂಬ ಪಟ್ಟಿ ಅದರೊಳಗೇ ಇರುತ್ತದೆ. ಒಂದು `s` ಸೇರಿದರೆ ಆಮೇಲಿನ ಲೆಕ್ಕವೆಲ್ಲ ಜರುಗುತ್ತದೆ. ಗಿಟ್ ಬಳಸುವವರ `.git` ಫೋಲ್ಡರಿನಲ್ಲಿ ತೊಂದರೆ ಇನ್ನೊಂದು ಬಗೆಯದು. ಅಲ್ಲಿನ ಸೂಚಿ ಫೈಲನ್ನು `-I` ಕಾಯುತ್ತದೆ, ಆದರೆ ಸೆಟ್ಟಿಂಗ್ ಮತ್ತು ದಾಖಲೆಯ ಫೈಲುಗಳು ಬರಹದವೇ ಆದ್ದರಿಂದ ಅವು ಸದ್ದಿಲ್ಲದೆ ಬದಲಾಗುತ್ತವೆ.

ಇದಕ್ಕೆ ತಿರುಗಾಮುರುಗಾ ಮಿತಿಯೂ ಒಂದಿದೆ, ಕನ್ನಡದಲ್ಲಿ ಬರೆಯುವವರು ಅದನ್ನು ವಿಶೇಷವಾಗಿ ಗಮನಿಸಬೇಕು. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಹಿಂದೆ ‘ಯುನಿಕೋಡ್’ ಎಂದು ಆರಿಸಿ ಉಳಿಸಿದ ಫೈಲುಗಳು ಯುಟಿಎಫ್-16 ಕ್ರಮದಲ್ಲಿರುತ್ತವೆ. ಆ ಕ್ರಮದಲ್ಲಿ ಪದಗಳ ನಡುವಿನ ಖಾಲಿ ಜಾಗಕ್ಕೂ, ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಒಂದು ಸೊನ್ನೆ ಬೈಟ್ ಅಂಟಿಕೊಂಡಿರುತ್ತದೆ. ಮನುಷ್ಯರಿಗೆ ಅದು ಅಪ್ಪಟ ಕನ್ನಡ ಲೇಖನ, ಗ್ರೆಪ್‌ಗೆ ಅದು ಬೈನರಿ. ಯಾವ ದೂರೂ ಹೇಳದೆ ಅದನ್ನು ದಾಟಿ ಹೋಗುತ್ತದೆ, ಹಳೆಯ ವಿಳಾಸ ಆ ಪುಟದಲ್ಲಿ ಹಾಗೆಯೇ ಉಳಿಯುತ್ತದೆ. ಗ್ರೆಪ್ ಯಾವುದನ್ನೆಲ್ಲ ದಾಟಿತು ಎಂದು ಹೀಗೆ ಕೇಳಬಹುದು:

```
grep -rIL '' .
```

ಖಾಲಿ ಪದ ಎಲ್ಲ ಸಾಲಿಗೂ ಹೊಂದುತ್ತದೆ, `-L` ಹೊಂದಿಕೆ ಸಿಗದ ಫೈಲುಗಳನ್ನು ಹೇಳುತ್ತದೆ. ಹಾಗಾಗಿ ಬರುವುದು ಬೈನರಿ ಎಂದು ಬಿಟ್ಟ ಫೈಲುಗಳ ಪಟ್ಟಿ, ಜೊತೆಗೆ ಏನೂ ಬರೆಯದ ಖಾಲಿ ಫೈಲುಗಳು. ಆ ಪಟ್ಟಿಯಲ್ಲಿ ಫೋಟೋಗಳ ನಡುವೆ `.html` ಅಥವಾ `.txt` ಕಂಡರೆ ಅದೇ ಸುಳಿವು. ಅದನ್ನು ಯುಟಿಎಫ್-8ಕ್ಕೆ ಬದಲಾಯಿಸಿ ಉಳಿಸಿ, ಆಮೇಲೆ ಕಮಾಂಡ್ ಓಡಿಸಬೇಕು.

ಕೆಲಸ ಮುಗಿದ ಮೇಲೆ ಇದೇ ಹುಡುಕಾಟವನ್ನು ಅವೇ ಹೊರಗಿಡುವಿಕೆಗಳೊಡನೆ, ಸೆಡ್ ಇಲ್ಲದೆ ಇನ್ನೊಮ್ಮೆ ಮಾಡಿ. ಏನೂ ಬರಬಾರದು. ಕೆಲವು ಪುಟಗಳನ್ನೂ ಫೋಟೋಗಳನ್ನೂ ತೆರೆದು ನೋಡಿ ಖಚಿತವಾದ ಮೇಲಷ್ಟೇ `.bak` ಪ್ರತಿಗಳನ್ನು ಅಳಿಸಿ. ಎಲ್ಲಕ್ಕಿಂತ ಮುಂಚೆ, ತಿದ್ದುವ ಸಾಲನ್ನು ಟೈಪ್ ಮಾಡುವ ಮೊದಲು, ಪಟ್ಟಿ ಕೊಡುವ ಸಾಲನ್ನು ಓಡಿಸಿ ಅದರಲ್ಲಿನ ಹೆಸರುಗಳನ್ನು ಕಣ್ಣಾರೆ ಓದಿ. ಪಟ್ಟಿಯಲ್ಲಿ ಒಂದೇ ಒಂದು ಫೋಟೋ ಕಂಡರೂ ಸೆಡ್‌ವರೆಗೆ ಹೋಗಬೇಡಿ.