ಕಚೇರಿಯ ವೈಫೈ ಮೊದಲು ತನ್ನ ಗುರುತು ತೋರಿಸಲಿ

ಹೊಸ ಕೆಲಸಕ್ಕೆ ಸೇರಿದವರು ಕಚೇರಿಯ ವೈಫೈ ಹೆಸರನ್ನು ಒತ್ತಿದೊಡನೆ ಆಂಡ್ರಾಯ್ಡ್ ಫೋನು ಒಂದು ಅರ್ಜಿಯನ್ನೇ ಮುಂದಿಡುತ್ತದೆ. ಮನೆಯಲ್ಲಿ ಒಂದು ಪಾಸ್‌ವರ್ಡಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ ಐದಾರು ಖಾನೆಗಳು. ಹೆಸರು, ಪಾಸ್‌ವರ್ಡ್ ಸರಿ, ಅವು ಅರ್ಥವಾಗುತ್ತವೆ. ಆದರೆ CA certificate, Domain ಎಂಬ ಎರಡು ಖಾನೆಗಳ ಮುಂದೆ ಬೆರಳು ನಿಲ್ಲುತ್ತದೆ. ಪಕ್ಕದ ಮೇಜಿನವರು ಹೇಳಿಕೊಡುವ ಉಪಾಯ ಬಹುತೇಕ ಒಂದೇ: ‘Do not validate ಅಂತ ಕೊಟ್ಬಿಡಿ, ಕನೆಕ್ಟ್ ಆಗುತ್ತೆ.’

ಕನೆಕ್ಟ್ ಆಗುವುದೇನೋ ನಿಜ. ಆದರೆ ಇಷ್ಟೆಲ್ಲ ಏರ್ಪಾಡು ಯಾವ ಕಾರಣಕ್ಕೆ ಇದೆಯೋ ಅದನ್ನೇ ಆ ಒಂದು ಆಯ್ಕೆ ತೆಗೆದುಹಾಕುತ್ತದೆ.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಒಬ್ಬರು ಕೆಲಸ ಬಿಟ್ಟಾಗಲೆಲ್ಲ ಅದನ್ನು ಬದಲಿಸಿ ಉಳಿದವರಿಗೆಲ್ಲ ತಿಳಿಸಬೇಕು. ಯಾರೂ ಬದಲಿಸುವುದಿಲ್ಲ, ಆ ಮಾತು ಬೇರೆ. ಇನ್ನೊಂದು ತೊಂದರೆಯೂ ಇದೆ. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಪದ್ಧತಿಯಲ್ಲಿ, ಹಂಚಿಕೊಂಡ ಪಾಸ್‌ವರ್ಡ್ ಗೊತ್ತಿದ್ದವರು ಸಹೋದ್ಯೋಗಿಯ ಫೋನು ಜಾಲಕ್ಕೆ ಸೇರುವ ಕ್ಷಣವನ್ನು ಹಿಡಿದಿಟ್ಟುಕೊಂಡರೆ, ಆಮೇಲೆ ಗಾಳಿಯಲ್ಲಿ ಹೋಗುವ ಅವರ ಮಾಹಿತಿಯ ವೈಫೈ ಗೂಢಲಿಪಿಯನ್ನು ಬಿಡಿಸಬಹುದು. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇರುವಾಗ ಪ್ರತಿ ಸಂಪರ್ಕಕ್ಕೂ ಬೇರೆ ಕೀಲಿ ಹುಟ್ಟುತ್ತದೆ. ಕೆಲಸ ಬಿಟ್ಟವರ ಖಾತೆಯೊಂದನ್ನು ಮುಚ್ಚಿದರೆ ಸಾಕು, ಮಿಕ್ಕವರಿಗೆ ಗೊತ್ತೂ ಆಗುವುದಿಲ್ಲ.

ಆದರೆ ವೈಫೈ ಹೆಸರಿಗೆ ಯಾರ ಹಕ್ಕೂ ಇಲ್ಲ. ಕಚೇರಿಯ ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತ ಯಾರೇ ಆದರೂ ತಮ್ಮ ರೂಟರಿಗೆ ಅದೇ ಹೆಸರಿಡಬಹುದು. ಹೆಸರು ನೋಡಿ ಫೋನು ತಾನಾಗಿ ಅಲ್ಲಿಗೂ ಲಾಗಿನ್ ಕಳಿಸಲು ಹೊರಡುತ್ತದೆ. ಇದನ್ನು ತಡೆಯಲೆಂದೇ ಸರ್ಟಿಫಿಕೇಟು ಇರುವುದು. ರೇಡಿಯಸ್ ಎಂದು ಕರೆಯುವ ಕಚೇರಿಯ ಸರ್ವರು ಮೊದಲು ತನ್ನ ಗುರುತುಪತ್ರ ತೋರಿಸಬೇಕು, ಅದು ಸಾಚಾ ಎಂದು ಖಚಿತವಾದ ಮೇಲೆಯೇ ಫೋನು ಬಾಯಿಬಿಡಬೇಕು. ಪರಿಶೀಲನೆ ಬೇಡವೆಂದರೆ, ಬ್ಯಾಂಕಿನಿಂದ ಎಂದು ಫೋನ್ ಮಾಡಿದವರಿಗೆಲ್ಲ ಓಟಿಪಿ ಹೇಳಿದ ಹಾಗೆ.

ಪಾಸ್‌ವರ್ಡ್ ಹಾಗೇ ಹೋಗುವುದಿಲ್ಲ, ಗೂಢಲಿಪಿಯಲ್ಲಿ ಹೋಗುತ್ತದಲ್ಲ ಎಂದು ಕೇಳಬಹುದು. ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ MSCHAPv2 ವಿಧಾನ ಎಷ್ಟು ಹಳತೆಂಬುದನ್ನು 2012ರ ಡೆಫ್‌ಕಾನ್ ಸಮ್ಮೇಳನದಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ತೋರಿಸಿದರು. ಅದರ ಉತ್ತರವೊಂದನ್ನು ಹಿಡಿದರೆ, ಪಾಸ್‌ವರ್ಡಿನ ಬದಲಿಗೇ ಬಳಸಬಹುದಾದ ಕೀಲಿಯನ್ನು ಅವರ ಯಂತ್ರ ಒಂದು ದಿನದೊಳಗೆ ಹೊರತೆಗೆಯುತ್ತಿತ್ತು. ಎಷ್ಟೋ ಕಡೆ ವೈಫೈ ಲಾಗಿನ್ನೇ ಇಮೇಲಿನ ಲಾಗಿನ್ ಕೂಡ.

ಹಾಗಾದರೆ ಅರ್ಜಿ ತುಂಬುವುದು ಹೇಗೆ? ಐಟಿ ವಿಭಾಗದಿಂದ ಕೇಳಿಕೊಳ್ಳಬೇಕಾದದ್ದು ಸರ್ವರಿನ ಹೆಸರು. ಅದು radius.example.com ಎಂದಿಟ್ಟುಕೊಳ್ಳಿ. ಅದರ ಸರ್ಟಿಫಿಕೇಟನ್ನು ಕೊಟ್ಟದ್ದು ಎಲ್ಲ ಫೋನುಗಳೂ ನಂಬುವ ಸಾರ್ವಜನಿಕ ಸಂಸ್ಥೆಯಾಗಿದ್ದರೆ, ಖಾನೆಗಳು ಹೀಗಿರುತ್ತವೆ:

```
EAP method: PEAP
Phase 2 authentication: MSCHAPV2
CA certificate: Use system certificates
Domain: radius.example.com
```

ಕೊನೆಯ ಸಾಲೇ ಮುಖ್ಯ. ಸಾರ್ವಜನಿಕ ಸಂಸ್ಥೆಯಿಂದ ತನ್ನದೇ ಹೆಸರಿಗೊಂದು ಸರ್ಟಿಫಿಕೇಟು ಪಡೆಯುವುದು ಮೋಸಗಾರನಿಗೂ ಕಷ್ಟವಲ್ಲ. ಕಚೇರಿಯ ಹೆಸರಿಗೆ ಮಾತ್ರ ಅವನಿಗೆ ಸಿಗದು. ಕಚೇರಿ ತಾನೇ ಸರ್ಟಿಫಿಕೇಟು ತಯಾರಿಸಿಕೊಂಡಿದ್ದರೆ ಅದರ ಮೂಲ ಸರ್ಟಿಫಿಕೇಟನ್ನು ಮೊದಲು ಫೋನಿಗೆ ಹಾಕಿಕೊಳ್ಳಬೇಕು. ಐಫೋನ್ ಇಷ್ಟು ಕೇಳುವುದಿಲ್ಲ. ಸರ್ಟಿಫಿಕೇಟು ತೋರಿಸಿ Trust ಎಂಬ ಗುಂಡಿ ಕೊಡುತ್ತದೆ. ಒತ್ತುವ ಮುನ್ನ ಅಲ್ಲಿರುವ ಹೆಸರನ್ನು ಓದಬೇಕು. ಡಿಸೆಂಬರ್ 2020ರ ಅಪ್‌ಡೇಟಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಂದ Do not validate ಆಯ್ಕೆಯನ್ನೇ ತೆಗೆಯಿತು. ಗೊಣಗಿದವರು ಬಹಳ ಮಂದಿ, ಆದರೆ ಮಾಡಿದ್ದು ಸರಿ.

ಈ ವ್ಯವಸ್ಥೆಯ ದೊಡ್ಡ ಉದಾಹರಣೆ ವಿಶ್ವವಿದ್ಯಾಲಯಗಳ ಎಡುರೋಮ್. 2002ರಲ್ಲಿ ನೆದರ್ಲೆಂಡ್ಸ್‌ನ ಕ್ಲಾಸ್ ವಿರೆಂಗಾ ಮುಂದಿಟ್ಟ ಯೋಚನೆ ಅದು. ಭಾರತದಲ್ಲಿ ಅದನ್ನು ಅರ್ನೆಟ್ ಇಂಡಿಯಾ ನಡೆಸುತ್ತದೆ. ಸದಸ್ಯ ಸಂಸ್ಥೆಯಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯಕ್ಕೆ ಹೋದರೆ ಫೋನು ತಾನಾಗಿ ಸೇರಿಕೊಳ್ಳುತ್ತದೆ. ಲಾಗಿನ್ ಹೆಸರಿನಲ್ಲಿ @ ನಂತರದ ಭಾಗವನ್ನಷ್ಟೇ ನೋಡಿ ಅಲ್ಲಿನ ಸರ್ವರು ಕೋರಿಕೆಯನ್ನು ಭಾರತದತ್ತ ದಾಟಿಸುತ್ತದೆ. ಗುರುತು ತೋರಿಸುವುದು ಬೆಂಗಳೂರಿನ ಸರ್ವರೇ, ಹೌದು ಅಥವಾ ಇಲ್ಲ ಎನ್ನುವುದೂ ಅದೇ. ಪಾಸ್‌ವರ್ಡ್ ಪರಿಶೀಲನೆ ಮುಚ್ಚಿದ ಸುರಂಗದಲ್ಲಿ ನಡೆಯುವುದರಿಂದ ನಡುವಿನವರಿಗೆ ಏನೂ ಕಾಣದು. ಫೋನಿನಲ್ಲಿ ಡೊಮೇನ್ ಸರಿಯಾಗಿ ತುಂಬಿದ್ದರೆ ಮಾತ್ರ.

ತೊಡಕುಗಳೂ ಇವೆ. ನಿನ್ನೆವರೆಗೆ ನಡೆಯುತ್ತಿದ್ದ ಜಾಲ ಇದ್ದಕ್ಕಿದ್ದಂತೆ ಎಲ್ಲರಿಗೂ ಕೈಕೊಟ್ಟರೆ ಸರ್ವರಿನ ಸರ್ಟಿಫಿಕೇಟಿನ ಅವಧಿ ಮುಗಿದಿರುವ ಸಾಧ್ಯತೆ ಹೆಚ್ಚು. ಒಬ್ಬರಿಗೆ ಮಾತ್ರವಾದರೆ ಮೊದಲು ಫೋನಿನ ದಿನಾಂಕ ನೋಡಬೇಕು: ಅದು ತಪ್ಪಿದ್ದರೆ ಒಳ್ಳೆಯ ಸರ್ಟಿಫಿಕೇಟೂ ಅವಧಿ ಮೀರಿದಂತೆ ಕಾಣುತ್ತದೆ. ಕಚೇರಿಯ ಪಾಸ್‌ವರ್ಡ್ ಬದಲಿಸಿದ ಮೇಲೆ ಖಾತೆ ಪದೇ ಪದೇ ಲಾಕ್ ಆಗುತ್ತಿದ್ದರೆ, ಬ್ಯಾಗಿನಲ್ಲಿ ಮರೆತ ಟ್ಯಾಬೊಂದು ಹಳೆಯ ಪಾಸ್‌ವರ್ಡನ್ನೇ ಸರ್ವರಿಗೆ ಒಪ್ಪಿಸುತ್ತಿರಬಹುದು. ಅಂಥಲ್ಲಿ ಆ ಜಾಲವನ್ನು Forget ಮಾಡಿ ಹೊಸದಾಗಿ ಸೇರಿಸಬೇಕು.

ಕೆಲವು ಕಂಪನಿಗಳು EAP-TLS ವಿಧಾನಕ್ಕೆ ಹೋಗಿ ಪಾಸ್‌ವರ್ಡನ್ನೇ ಕೈಬಿಟ್ಟಿವೆ. ಅಲ್ಲಿ ಲ್ಯಾಪ್‌ಟಾಪಿಗೂ ಅದರದೇ ಸರ್ಟಿಫಿಕೇಟು ಇರುತ್ತದೆ, ಕದಿಯಲು ಪಾಸ್‌ವರ್ಡೇ ಇರುವುದಿಲ್ಲ. ಆದರೆ ಪ್ರತಿ ಸಾಧನಕ್ಕೂ ಸರ್ಟಿಫಿಕೇಟು ಹಾಕಿ, ಕಾಲಕಾಲಕ್ಕೆ ನವೀಕರಿಸುವ ಜನ ಬೇಕು. ರಜೆಯಲ್ಲಿದ್ದಾಗ ಅವಧಿ ಮುಗಿದ ಲ್ಯಾಪ್‌ಟಾಪು ಕಚೇರಿ ವೈಫೈಗೆ ಸೇರದು, ವೈಫೈ ಇಲ್ಲದೆ ಹೊಸ ಸರ್ಟಿಫಿಕೇಟೂ ಇಳಿಯದು. ಆಗ ಹೆಲ್ಪ್‌ಡೆಸ್ಕಿನವರು ಕೇಬಲ್ ಹುಡುಕುತ್ತಾರೆ.