ಅನ್ನ ಬಿಟ್ಟರೂ ಇಳಿಯದ ತೂಕ

ತೂಕ ಇಳಿಸಲೆಂದು ರಾತ್ರಿಯ ಅನ್ನ ತ್ಯಜಿಸಿ ಜೋಳದ ರೊಟ್ಟಿ ಹಿಡಿದ ಶರಣೆಯೊಬ್ಬರು ಆರು ತಿಂಗಳ ಬಳಿಕ ನಮ್ಮಲ್ಲಿಗೆ ಬಂದರು. ತೂಕ ಎರಡು ಕಿಲೋ ಏರಿತ್ತು! ವಿಚಾರಿಸಿದಾಗ ಕಾರಣ ತಿಳಿಯಿತು. ಮೊದಲು ಅವರು ಉಣ್ಣುತ್ತಿದ್ದುದು 100 ಗ್ರಾಂ ಅಕ್ಕಿಯ ಅನ್ನ, ಅಂದರೆ ಸುಮಾರು 355 ಕ್ಯಾಲೊರಿ. ಈಗ ನಾಲ್ಕು ರೊಟ್ಟಿ. ಹಿಟ್ಟೇ 200 ಗ್ರಾಂ, ಸುಮಾರು 670 ಕ್ಯಾಲೊರಿ. ತೂಕಕ್ಕೆ ತೂಕ ನೋಡಿದರೆ ಜೋಳಕ್ಕೂ ಪಾಲಿಶ್ ಅಕ್ಕಿಗೂ ಶಕ್ತಿಯಲ್ಲಿ ಹೆಚ್ಚಿನ ಅಂತರವಿಲ್ಲ.

ಅಂತರವಿರುವುದು ನಾರಿನಲ್ಲಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ. ರೊಟ್ಟಿಯನ್ನು ಅಗಿದು ತಿನ್ನಬೇಕು, ಅದು ನಿಧಾನವಾಗಿ ಜೀರ್ಣವಾಗುತ್ತದೆ. ಆದ್ದರಿಂದ ಅಲ್ಪದಲ್ಲೇ ತೃಪ್ತಿ ಸಾಧ್ಯ. ಆ ತೃಪ್ತಿಗೆ ಕಾಯದೆ ಹಳೆಯ ಅಭ್ಯಾಸದಂತೆ ಉಂಡರೆ ಫಲವಿಲ್ಲ. ಚರಕರು ಸ್ಥೂಲರಿಗೆ ಶ್ಯಾಮಾಕಾದಿ ರೂಕ್ಷ ಧಾನ್ಯಗಳನ್ನು ಹೇಳಿರುವುದು ನಿಜ. ಆದರೆ ಆಹಾರದ ಮಾತ್ರೆಯನ್ನೂ ಅವರೇ ಒತ್ತಿ ಹೇಳಿದ್ದಾರೆ.

ಸಿರಿಧಾನ್ಯ ಕೊಳ್ಳುವಾಗಲೂ ಗಮನವಿರಲಿ. ತೀರ ಬೆಳ್ಳಗಿದ್ದು ಬೇಗನೆ ಮೆತ್ತಗೆ ಬೇಯುವ ನವಣೆಯ ತವುಡು ಬಹುಪಾಲು ಹೋಗಿರುತ್ತದೆ. ಅದು ಅನ್ನಕ್ಕೆ ಸಮೀಪವೇ. ನುಣ್ಣನೆಯ ಹಿಟ್ಟಿನ ಗಂಜಿಯೂ ಬೇಗ ಹಸಿವು ತರುತ್ತದೆ.

ಆ ಶರಣೆಗೆ ನಾವು ಎರಡೇ ರೊಟ್ಟಿ, ಜೊತೆಗೆ ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಸೊಪ್ಪು ಹೇಳಿದೆವು. ಮೊದಲ ವಾರ ಹಸಿವೆಂದರು, ಆಮೇಲೆ ಹೇಳಲಿಲ್ಲ.