ಸೋಮವಾರ ಹತ್ತು ಗಂಟೆಯ ಬಣ್ಣ

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಬೆಂಗಳೂರಿನ ಒಂದು ಸಣ್ಣ ಕಂಪನಿ ಇದೆ ಎಂದಿಟ್ಟುಕೊಳ್ಳಿ. ಪ್ರಿಂಟರಿನಿಂದ ಬಿಲ್ ಬರುತ್ತಿಲ್ಲ, ಸ್ಟಾಕ್ ಲೆಕ್ಕ ತಾಳೆಯಾಗುತ್ತಿಲ್ಲ, ಪಾಸ್‌ವರ್ಡ್ ಮರೆತುಹೋಗಿದೆ. ಗಿರಾಕಿಗಳ ಇಂಥ ಒಂದೊಂದು ದೂರಿಗೂ ಒಂದು ನಂಬರ್ ಬೀಳುತ್ತದೆ, ಅದೇ ಟಿಕೆಟ್. ಸಪೋರ್ಟ್ ತಂಡದ ಮ್ಯಾನೇಜರಿಗೆ ಬೇಕಿರುವುದು ಯಾವ ಹೊತ್ತಿಗೆ ಎಷ್ಟು ಜನರನ್ನು ಕೂರಿಸಬೇಕು ಎಂಬ ಲೆಕ್ಕ. ಅದಕ್ಕಾಗಿ ವಾರದ 7 ದಿನಗಳನ್ನು ಒಂದು ಕಡೆ, ದಿನದ 24 ಗಂಟೆಗಳನ್ನು ಇನ್ನೊಂದು ಕಡೆ ಇಟ್ಟು 168 ಚೌಕಗಳ ಕೋಷ್ಟಕ ಮಾಡುತ್ತಾರೆ. ಟಿಕೆಟ್ ಹೆಚ್ಚು ಬಂದ ಚೌಕಕ್ಕೆ ಗಾಢ ಬಣ್ಣ, ಕಡಿಮೆ ಬಂದದ್ದಕ್ಕೆ ತಿಳಿ ಬಣ್ಣ. ಇದೇ ಹೀಟ್‌ಮ್ಯಾಪ್.

ಕೆಲಸ ಇಷ್ಟೇ ಆಗಿದ್ದರೆ ಎಕ್ಸೆಲ್ ಸಾಕಿತ್ತು. ಅಂಕಿಗಳನ್ನು ಆಯ್ದುಕೊಂಡು ಬಣ್ಣದ ಸ್ಕೇಲುಗಳಲ್ಲಿ ಮೊದಲನೆಯದನ್ನು ಒತ್ತಿ ನೋಡಿ: ಅತಿ ಹೆಚ್ಚಿನ ಅಂಕಿಗೆ ಹಸಿರು, ಅತಿ ಕಡಿಮೆಗೆ ಕೆಂಪು ಬರುತ್ತದೆ. ಮಾರಾಟದ ಲೆಕ್ಕಕ್ಕೆ ಅದು ಸರಿ. ದೂರಿನ ಲೆಕ್ಕಕ್ಕೆ ತದ್ವಿರುದ್ಧ. ತಂಡ ಉಸಿರು ಬಿಡಲಾಗದ ಹೊತ್ತು ಹಸಿರಾಗಿ ನಗುತ್ತದೆ. ಹೋಗಲಿ ಎಂದು ಬಣ್ಣ ತಿರುಗಿಸಿದರೂ ನಡುವಿನ ಹಳದಿಯ ತಕರಾರು ಉಳಿಯುತ್ತದೆ. ಎಲ್ಲ ಚೌಕಗಳನ್ನೂ ಏರಿಕೆಯಲ್ಲಿ ಜೋಡಿಸಿದಾಗ ಸರಿಯಾಗಿ ಅರ್ಧಕ್ಕೆ ಬರುವ ಅಂಕಿಗೆ ಎಕ್ಸೆಲ್ ಹಳದಿ ಕೊಡುತ್ತದೆ. ನಮ್ಮ 168 ಚೌಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿಯವು, ಭಾನುವಾರದವು. ಹಾಗಾಗಿ ಆ ಅರ್ಧದ ಅಂಕಿ 2 ಆಗಿರಬಹುದು. ಗಂಟೆಗೆ ಎರಡೇ ಟಿಕೆಟ್ ಬಂದ ಚೌಕ ಅದಾಗಲೇ ಹಳದಿಗೆ ತಿರುಗಿ, ಅರ್ಧ ಅಪಾಯ ಎಂಬಂತೆ ಕಾಣುತ್ತದೆ. ಕೆಂಪು–ಹಸಿರಿನ ಭೇದ ಸರಿಯಾಗಿ ಕಾಣದವರೂ ಇದ್ದಾರೆ. ಯುರೋಪ್ ಮೂಲದ ಗಂಡಸರಲ್ಲಿ ಅಂಥವರು ಸುಮಾರು 8%. ಅವರಿಗೆ ಈ ಚಿತ್ರದ ಎರಡು ತುದಿಗಳೂ ಹೆಚ್ಚುಕಡಿಮೆ ಒಂದೇ ಮಣ್ಣುಬಣ್ಣ.

ಎಣಿಕೆಯ ಲೆಕ್ಕಕ್ಕೆ ಒಂದೇ ಬಣ್ಣ ಸಾಕು: ಬಿಳಿಯಿಂದ ಶುರುವಾಗಿ ಗಾಢ ನೀಲಿಗೆ ಇಳಿಯುವುದು. ಸೊನ್ನೆ ಎಂದರೆ ಬಿಳಿ. ಅಂಕಿ ಏರಿದಂತೆ ಗಾಢ. ಕಾಮನಬಿಲ್ಲಿನ ಬಣ್ಣಗಳನ್ನು ಬಳಸುವ ಚಾಳಿ ವಿಜ್ಞಾನಿಗಳಲ್ಲೂ ಬಹುಕಾಲ ಇತ್ತು. ಅದರ ತೊಂದರೆ ಎಂದರೆ ನಡುವಿನ ಹಳದಿಯೇ ಎಲ್ಲಕ್ಕಿಂತ ಹೊಳೆಯುತ್ತದೆ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಹಸಿರು ಹಳದಿಯಾಗುವ ಜಾಗದಲ್ಲಿ, ಅಂಕಿ ನಿಧಾನವಾಗಿ ಏರುತ್ತಿದ್ದರೂ, ಗೆರೆ ಎಳೆದಂತೆ ಕಾಣುತ್ತದೆ. ಪೈಥಾನ್ ಬಳಸುವವರ ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ತನ್ನ ಹಳೆಯ ಕಾಮನಬಿಲ್ಲನ್ನು ಬಿಟ್ಟು, ಬೆಳಕು ಸಮವಾಗಿ ಏರುವ ವಿರಿಡಿಸ್ ಎಂಬ ಸ್ಕೇಲನ್ನು ರೂಢಿಗೆ ತಂದದ್ದು ಇದಕ್ಕೇ.

ಬಣ್ಣ ಗೊತ್ತಾಯಿತು. ಆದರೆ ಅತಿ ಗಾಢ ನೀಲಿ ಯಾವ ಅಂಕಿಗೆ? ನನ್ನ ಮಟ್ಟಿಗೆ ಬಣ್ಣದ ಆಯ್ಕೆಗಿಂತ ಇದೇ ದೊಡ್ಡ ಪ್ರಶ್ನೆ.

ಲೆಕ್ಕ ಹೀಗಿದೆ ಎನ್ನೋಣ. 2025ರ ಜನವರಿ 6ರಿಂದ ಏಪ್ರಿಲ್ 6ರವರೆಗೆ 13 ವಾರ. ಎಲ್ಲ ವಾರಗಳೂ ಸರಿಯಾಗಿ ಹದಿಮೂರು ಸಲ ಬರುತ್ತವೆ. ಸೋಮವಾರ ಬೆಳಿಗ್ಗೆ 10ರಿಂದ 11ರವರೆಗೆ ಸರಾಸರಿ 31 ಟಿಕೆಟ್. ಅಂಗಡಿ ಬಾಗಿಲು ತೆಗೆದು, ಭಾನುವಾರದ ತೊಂದರೆಗಳನ್ನೂ ಸೇರಿಸಿ ಹೇಳಿಕೊಳ್ಳುವ ಹೊತ್ತು ಅದು. ಮಂಗಳವಾರ ಮಧ್ಯಾಹ್ನ 3ರಿಂದ 4ರವರೆಗೆ ಹನ್ನೆರಡು ವಾರ ತಲಾ 14 ಟಿಕೆಟ್ ಬಂದಿವೆ. ಒಂದೇ ಒಂದು ಮಂಗಳವಾರ ಸರ್ವರ್ ಕೈಕೊಟ್ಟು ಆ ಒಂದು ಗಂಟೆಯಲ್ಲಿ 1,002 ಟಿಕೆಟ್ ಬಿದ್ದಿವೆ. ಒಟ್ಟು 1,170; ಹದಿಮೂರರಿಂದ ಭಾಗಿಸಿದರೆ 90. ಈಗ ಸ್ಕೇಲಿನ ತುದಿ 90ಕ್ಕೆ ಹೋಗಿ ಕೂರುತ್ತದೆ. ಸೋಮವಾರದ 31 ಅದರ ಮೂರರಲ್ಲೊಂದು ಪಾಲು, ಬರೀ ತಿಳಿ ನೀಲಿ. ಇಡೀ ಚಿತ್ರದಲ್ಲಿ ಒಂದು ಕಪ್ಪು ಚುಕ್ಕೆ ಬಿಟ್ಟರೆ ಉಳಿದದ್ದೆಲ್ಲ ಮಾಸಲು. ಮ್ಯಾನೇಜರ್ ಮಂಗಳವಾರ ಮಧ್ಯಾಹ್ನಕ್ಕೆ ಹೆಚ್ಚು ಜನರನ್ನು ಹಾಕಿದರೆ ಅವರು ಕೈಕಟ್ಟಿ ಕೂರಬೇಕಾಗುತ್ತದೆ.

ಇದಕ್ಕೆ ಎರಡು ದಾರಿ. ಒಂದು, ಸರಾಸರಿಯ ಬದಲು ಮಧ್ಯಾಂಕ ಹಿಡಿಯುವುದು. ಹದಿಮೂರು ಮಂಗಳವಾರಗಳನ್ನು ಏರಿಕೆಯಲ್ಲಿ ನಿಲ್ಲಿಸಿ ಏಳನೆಯದನ್ನು ನೋಡಿದರೆ 14 ಸಿಗುತ್ತದೆ. ಸರ್ವರ್ ಕೆಟ್ಟ ದಿನ ತಾನಾಗಿಯೇ ಬದಿಗೆ ಸರಿಯುತ್ತದೆ. ಇನ್ನೊಂದು, ಸರಾಸರಿಯನ್ನೇ ಇಟ್ಟುಕೊಂಡು ಸ್ಕೇಲಿಗೆ 32ರಲ್ಲಿ ಮಿತಿ ಹಾಕುವುದು. ಆಗ 90 ಕೂಡ 32ರಷ್ಟೇ ಗಾಢವಾಗಿ ಕಾಣುತ್ತದೆ. ಚಿತ್ರದ ಪಕ್ಕದ ಬಣ್ಣದ ಪಟ್ಟಿಯಲ್ಲಿ “32 ಮತ್ತು ಮೇಲೆ” ಎಂದು ಬರೆಯದಿದ್ದರೆ ಇದು ಮೋಸವಾಗುತ್ತದೆ. ಶಿಫ್ಟ್ ಹಂಚುವುದಕ್ಕೆ ನಾನು ಮಧ್ಯಾಂಕದ ಪಕ್ಷ. ಎರಡರಲ್ಲೂ ಒಂದು ಎಚ್ಚರ ಬೇಕು: ಟಿಕೆಟ್ ಬಾರದ ಗಂಟೆಗಳು ಡೇಟಾದಲ್ಲಿ ಇರುವುದೇ ಇಲ್ಲ, ಅಲ್ಲಿಗೆ ಸೊನ್ನೆಯನ್ನು ನಾವೇ ತುಂಬಬೇಕು. ಇಲ್ಲವಾದರೆ ಹದಿಮೂರರಲ್ಲಿ ಎರಡೇ ಭಾನುವಾರ ನಸುಕಿನ ಮೂರಕ್ಕೆ ಒಂದೊಂದು ಟಿಕೆಟ್ ಬಂದಿದ್ದರೂ ಸರಾಸರಿ 1 ಎಂದೇ ಬರುತ್ತದೆ.

ಎರಡು ಬಣ್ಣದ ಸ್ಕೇಲಿಗೂ ಒಂದು ಸಂದರ್ಭ ಇದೆ. ಶಿಫ್ಟಿನಲ್ಲಿ ಮೂವರಿದ್ದು ಒಬ್ಬೊಬ್ಬರು ಗಂಟೆಗೆ 6 ಟಿಕೆಟ್ ಮುಗಿಸುತ್ತಾರೆ ಎಂದಾದರೆ 18ಕ್ಕೆ ನಿಜವಾದ ಅರ್ಥ ಬರುತ್ತದೆ. 18ಕ್ಕೆ ಬಿಳಿ, ಕೆಳಗೆ ನೀಲಿ, ಮೇಲೆ ಕಿತ್ತಳೆ. ಕಿತ್ತಳೆ ಕಂಡಲ್ಲಿ ಜನ ಸಾಲದು. ಅರ್ಥವಿರುವ ಇಂಥ ನಡುಬಿಂದು ಇಲ್ಲದಿದ್ದರೆ ಎರಡು ಬಣ್ಣ ಬೇಡ.

ಇನ್ನು ಚೌಕದೊಳಗಿನ ಅಂಕಿ. ತಿಳಿ ಚೌಕಗಳ ನಡುವೆ ಕೂತ ನೀಲಿ ಹೆಚ್ಚು ಗಾಢವಾಗಿಯೂ, ಗಾಢ ಚೌಕಗಳ ನಡುವಿನ ಅದೇ ನೀಲಿ ತೆಳುವಾಗಿಯೂ ಕಾಣುತ್ತದೆ. ಬಣ್ಣ ನೋಡಿ 22 ಎಂದೋ 26 ಎಂದೋ ಹೇಳಲಾಗದು; ಅಂಕಿ ಬೇಕಾಗುವುದು ಅಲ್ಲಿ. ಪೈಥಾನಿನ ಸೀಬಾರ್ನ್‌ನಲ್ಲಿ `annot=True` ಎಂದರೆ ಸಾಕು, ಅಂಕಿ ಬೀಳುತ್ತದೆ. ಆದರೆ ಅದರ ರೂಢಿ ಎರಡೇ ಮುಖ್ಯ ಅಂಕಿಗಳದ್ದು. ಸರಾಸರಿಯ ಬದಲು ಹದಿಮೂರು ವಾರಗಳ ಮೊತ್ತ ಕೊಟ್ಟರೆ ಸೋಮವಾರದ 403 ಟಿಕೆಟ್ `4e+02` ಎಂದು ಬರುತ್ತದೆ. ಮೀಟಿಂಗಿನಲ್ಲಿ ಅದನ್ನು ನೋಡಿದವರು ಏನೆಂದುಕೊಳ್ಳಬೇಕು? ನಮೂನೆಯನ್ನು ನಾವೇ ಹೇಳಿಬಿಡುವುದು ಲೇಸು:

```python
sns.heatmap(t, cmap="Blues", vmin=0, vmax=32,
            annot=True, fmt=".0f")
```

ದಶಮಾಂಶ ಬೇಡ, 30.8 ಟಿಕೆಟಿಗೂ 31ಕ್ಕೂ ಶಿಫ್ಟಿನಲ್ಲಿ ವ್ಯತ್ಯಾಸವಿಲ್ಲ. ಗಾಢ ಚೌಕದಲ್ಲಿ ಬಿಳಿ ಅಕ್ಷರ, ತಿಳಿ ಚೌಕದಲ್ಲಿ ಕಪ್ಪು. ಸೀಬಾರ್ನ್ ಇದನ್ನು ತಾನೇ ನೋಡಿಕೊಳ್ಳುತ್ತದೆ, ಎಕ್ಸೆಲ್ ನೋಡಿಕೊಳ್ಳುವುದಿಲ್ಲ. ರಾತ್ರಿಯ ಸೊನ್ನೆಗಳನ್ನೆಲ್ಲ ಬರೆದರೆ ಚಿತ್ರವೆಲ್ಲ ಕಾಳು ಚೆಲ್ಲಿದಂತಾಗುತ್ತದೆ. 5ಕ್ಕಿಂತ ಕಡಿಮೆ ಇದ್ದಲ್ಲಿ ಖಾಲಿ ಬಿಡಬಹುದು. ಫೋನಿನಲ್ಲಿ ನೋಡುವವರಿದ್ದರೆ ಗಂಟೆಗಳನ್ನು ಮೇಲಿಂದ ಕೆಳಕ್ಕೆ, ದಿನಗಳನ್ನು ಅಡ್ಡಕ್ಕೆ ಇಡಬೇಕು. ಏಳು ಅಂಕಣ ಪರದೆಗೆ ಹಿಡಿಸುತ್ತವೆ, ಇಪ್ಪತ್ತನಾಲ್ಕು ಹಿಡಿಸುವುದಿಲ್ಲ. ದಿನಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಣೆಗೊಂಡು ಶುಕ್ರವಾರ, ಸೋಮವಾರ, ಶನಿವಾರ ಎಂದು ಸಾಲುಗಟ್ಟಿ ನಿಂತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಬೆಳಿಗ್ಗೆ ನಾಲ್ಕೂವರೆಗೆ ಅಂಗಡಿಯವರು ಮುಗಿಬಿದ್ದಂತೆ ಕಂಡರೆ ಟಿಕೆಟಿನ ಸಮಯ ಯುಟಿಸಿಯಲ್ಲಿದೆ ಎಂದು ಅರ್ಥ. ಗಂಟೆಗಳಾಗಿ ಎಣಿಸಿದ ಮೇಲೆ ತಲೆಬರಹವನ್ನಷ್ಟೇ ಸರಿಸಿದರೆ ನಡೆಯದು, ಏಕೆಂದರೆ ನಮ್ಮ ಸಮಯ ಐದೂವರೆ ಗಂಟೆ ಮುಂದಿದೆ. ಆ ಅರ್ಧ ಗಂಟೆ ಎರಡು ಚೌಕಗಳಿಗೆ ಹಂಚಿಹೋಗುತ್ತದೆ. ಪ್ರತಿ ಟಿಕೆಟಿನ ಸಮಯವನ್ನೂ ಮೊದಲೇ ಬದಲಿಸಿ ಆಮೇಲೆ ಎಣಿಸಬೇಕು.

ಇಷ್ಟೆಲ್ಲ ಮಾಡಿದರೂ ಈ ಚಿತ್ರಕ್ಕೆ ತಾರೀಖು ಗೊತ್ತಿಲ್ಲ. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರ ಜಿಎಸ್‌ಟಿಆರ್-3ಬಿ ಗಡುವು 20ನೇ ತಾರೀಖು. 2025ರ ಫೆಬ್ರವರಿಯಲ್ಲೂ ಮಾರ್ಚ್‌ನಲ್ಲೂ 20 ಬಂದದ್ದು ಗುರುವಾರ. ಸರಾಸರಿಯ ಚಿತ್ರದಲ್ಲಿ ಗುರುವಾರ ಗಾಢವಾಗಿ, ಆ ದಿನಕ್ಕೇ ಏನೋ ವಿಶೇಷವಿದೆ ಎನಿಸುತ್ತದೆ. ಮಧ್ಯಾಂಕದ ಚಿತ್ರದಲ್ಲಿ ಗಡುವಿನ ನೂಕುನುಗ್ಗಲಿನ ಸುಳಿವೇ ಇರುವುದಿಲ್ಲ. ಹಾಗಾಗಿ ಇಂಥ ಕಂಪನಿಗೆ ಎರಡನೇ ಕೋಷ್ಟಕ ಬೇಕು: 1ರಿಂದ 31ರವರೆಗಿನ ತಾರೀಖುಗಳು ಒಂದು ಕಡೆ, ಗಂಟೆಗಳು ಇನ್ನೊಂದು ಕಡೆ, ಬಣ್ಣದ ಮಿತಿ ಮೊದಲಿನದೇ 32.